ಹಜಾರದಲ್ಲಿ ಒಂದು ಬುಟ್ಟಿ ಅವರೆಕಾಯಿ: ನಾಚಿಕೆಯ ಮಗುವನ್ನು ಮಾತಾಡಿಸಿದ ಒಂದು ಪ್ರಕರಣ

ಸಂಕ್ರಾಂತಿಯ ದಿನ ಬೆಳಿಗ್ಗೆ 11 ಗಂಟೆಗೆ ಹಾಸನದ ಚಿಕ್ಕಮ್ಮನ ಮನೆ ಮುಂದೆ ಕಾರು ನಿಲ್ಲಿಸಿದೆವು. ಎರಡೇ ನಿಮಿಷಕ್ಕೆ ಒಳಗೆ ಮಗು ಕಿರುಚಿಕೊಂಡು ಅಳುತ್ತಿತ್ತು. ಅಳಿಸಿದ್ದು ನಾವೇ. ಬೇಕಂತ ಅಲ್ಲ, ಪ್ರೀತಿಯಿಂದಲೇ ಅಳಿಸಿದೆವು.

ನಾನು ಮೈಸೂರಿನಲ್ಲಿ 12 ವರ್ಷದಿಂದ ಬೇಬಿ ಸಿಟ್ಟಿಂಗ್ ನಡೆಸುತ್ತಿದ್ದೇನೆ. ಹೊಸ ಮಗು ಬಂದ ಮೊದಲ ದಿನ ಹೇಗೆ ನಡೆದುಕೊಳ್ಳಬೇಕು ಅನ್ನೋದು ನನಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ನೆಂಟರ ಮನೆಯ ಕಥೆಯೇ ಬೇರೆ. ಅಲ್ಲಿ ಮಗುವಿನ ಸುತ್ತ ಎಂಟು ಜನ ಇರುತ್ತಾರೆ, ಎಂಟೂ ಜನಕ್ಕೆ ಅದನ್ನು ಎತ್ತಿಕೊಳ್ಳಬೇಕು, ಅದೂ ಚಪ್ಪಲಿ ಬಿಡುವ ಮೊದಲೇ. ಆ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಕೆಟ್ಟದ್ದು ಹೇಗೆ, ಸರಿ ಹೋಗಿದ್ದು ಎಷ್ಟು ಹೊತ್ತಿಗೆ, ನಡುವೆ ನಾನೇ ಮಾಡಿದ ಎಡವಟ್ಟು ಏನು, ಎಲ್ಲವೂ ಇದೆ.

ಮಗು ಚಿಕ್ಕಮ್ಮನ ಮಗಳ ಮಗಳು. ವಯಸ್ಸು 1 ವರ್ಷ 5 ತಿಂಗಳು. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತಾರೆ, ಇಲ್ಲೂ ಹಾಗೇ ಕರೆಯೋಣ. ಬೆಂಗಳೂರಿನ ಫ್ಲಾಟಿನಲ್ಲಿ ಬೆಳೆಯುತ್ತಿರುವ ಮಗು. ದಿನಾ ನೋಡುವುದು ಅಪ್ಪ, ಅಮ್ಮ ಮತ್ತು ಕೆಲಸಕ್ಕೆ ಬರುವ ಒಬ್ಬ ಅಜ್ಜಿ, ಇಷ್ಟೇ ಮುಖ. ಹಾಸನಕ್ಕೆ ಬಂದು ಎರಡೇ ದಿನ ಆಗಿತ್ತು. ಅಂದರೆ ಮನೆಯೂ ಹೊಸದು, ಮಲಗುವ ಜಾಗವೂ ಹೊಸದು. ಹಿಂದಿನ ರಾತ್ರಿ ನಿದ್ದೆ ಸರಿ ಆಗಿರಲಿಲ್ಲ. ಬೆಳಿಗ್ಗೆ ಎಣ್ಣೆ ಸ್ನಾನ ಬೇರೆ ಆಗಿತ್ತು. ಎಣ್ಣೆ ಸ್ನಾನ ಆದ ಮಗು 11 ಗಂಟೆ ಹೊತ್ತಿಗೆ ಹೇಗಿರುತ್ತದೆ ಅಂತ ಮಕ್ಕಳಿರುವವರಿಗೆ ಹೇಳಬೇಕಿಲ್ಲ.

ಈಗ ಆ ಎರಡು ನಿಮಿಷವನ್ನು ಸ್ವಲ್ಪ ನಿಧಾನಕ್ಕೆ ನೋಡೋಣ.

ನಮ್ಮನೆಯವರು ಮೊದಲು ಒಳಗೆ ಹೋದರು. ಎತ್ತರದ ಆಳು, ದಪ್ಪ ಮೀಸೆ, ತಲೆ ಮೇಲೆ ಟೋಪಿ, ಕಣ್ಣಿಗೆ ಕೂಲಿಂಗ್ ಗ್ಲಾಸ್. ಪುಟ್ಟಿ ಹಜಾರದ ನಡುವೆ ನಿಂತು ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಹಿಡಿದುಕೊಂಡಿದ್ದಳು. ಇವರು ಬಾಗಿಲಲ್ಲೇ ಎರಡೂ ಕೈ ಚಾಚಿ ದೊಡ್ಡ ಗಂಟಲಲ್ಲಿ ಶುರು ಮಾಡಿದರು. "ಏ ಕಳ್ಳಿ! ಯಾರು ಬಂದಿರೋದು ನೋಡು! ಬಾ, ಮೈಸೂರಿಗೆ ಎತ್ಕೊಂಡು ಹೋಗ್ಬಿಡ್ತೀನಿ!"

ಮಗು ಅಳಲಿಲ್ಲ. ಇದನ್ನು ಗಮನಿಸಬೇಕು. ಮೊದಲು ಅಲ್ಲಾಡದೆ ನಿಂತುಬಿಟ್ಟಳು. ಕೈಯಲ್ಲಿದ್ದ ಮುಚ್ಚಳ ಹಾಗೇ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಎಡಗೈಯ ಎರಡು ಬೆರಳು ಬಾಯಿಗೆ ಹೋದವು. ಕಣ್ಣು ಇವರಿಂದ ತಿರುಗಿ ಅಮ್ಮನನ್ನು ಹುಡುಕಿತು. ಅಮ್ಮ ಅಡುಗೆಮನೆ ಬಾಗಿಲಲ್ಲಿದ್ದಳು. ಆಮೇಲೆ ಕೆಳತುಟಿ ಒಂಚೂರು ಮುಂದೆ ಬಂತು. ಇಷ್ಟಾಗಲು ಸುಮಾರು ಹತ್ತು ಸೆಕೆಂಡ್ ಹಿಡಿಯಿತು. ಆ ಹತ್ತು ಸೆಕೆಂಡಿನಲ್ಲಿ ಇವರು ನಿಂತಲ್ಲೇ ನಿಂತು ಪಕ್ಕಕ್ಕೆ ತಿರುಗಿದ್ದರೆ ಅಳು ಬರುತ್ತಲೇ ಇರಲಿಲ್ಲ. ಬೆರಳು ಬಾಯಿಗೆ ಹೋಗುವುದು, ಮೈ ಬಿಗಿಯಾಗುವುದು, ಅಮ್ಮನ ಕಡೆ ನೋಡುವುದು: ಮಾತು ಬರದ ಮಗು "ಸ್ವಲ್ಪ ತಡೀರಿ" ಅನ್ನುವುದು ಹೀಗೇ. ನಾವು ಅದನ್ನೇ "ಅಯ್ಯೋ, ನಾಚ್ಕೋತಾಳೆ ನೋಡು" ಅಂದುಕೊಂಡು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇವೆ.

ಇವರೂ ಹೋದರು. ಮೇಲಿಂದ ಬಗ್ಗಿ, ಕಂಕುಳಿಗೆ ಕೈ ಹಾಕಿ ಎತ್ತಿದರು. ಆಗ ಕಿರುಚಿದಳು.

ಇದರಲ್ಲಿ ತಪ್ಪು ಯಾವುದು ಅಂದರೆ ಎಲ್ಲರೂ ಮೀಸೆ ಅನ್ನುತ್ತಾರೆ. ಮೀಸೆ, ಟೋಪಿ, ಕಪ್ಪು ಕನ್ನಡಕ ಎಲ್ಲವೂ ಕಾರಣವೇ, ಇಲ್ಲ ಅನ್ನಲ್ಲ. ಈ ವಯಸ್ಸಿನ ಮಕ್ಕಳು ಗುರುತಿಲ್ಲದ ಹೆಂಗಸರಿಗಿಂತ ಗುರುತಿಲ್ಲದ ಗಂಡಸರಿಗೆ ಜಾಸ್ತಿ ಹೆದರುತ್ತವೆ. ಕಣ್ಣು ಕಾಣದ ಮುಖ ಅಂದರೆ ಇನ್ನೂ ಕಷ್ಟ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಎರಡು ಕಡೆಯಿಂದ ಬಿದ್ದಿತ್ತು.

ಒಂದು, ಆ ತಮಾಷೆ. "ಎತ್ಕೊಂಡು ಹೋಗ್ಬಿಡ್ತೀನಿ", "ನಮ್ಮನೆಗೆ ಬಂದ್ಬಿಡು, ಅಮ್ಮ ಬೇಡ", "ಇವಳನ್ನ ಚೀಲಕ್ಕೆ ಹಾಕ್ಕೊಂಡು ಹೋಗೋಣ". ನಮ್ಮ ಕಡೆ ಮಗುವನ್ನು ಮಾತಾಡಿಸುವುದು ಅಂದರೆ ಅರ್ಧ ಇದೇ ಮಾತು. ದೊಡ್ಡವರಿಗೆ ಅದು ಮುದ್ದು. ಆದರೆ ಒಂದೂವರೆ ವರ್ಷದ ಮಗು ಆಡುವ ಮಾತಿಗಿಂತ ಅದಕ್ಕೆ ಅರ್ಥವಾಗುವ ಮಾತು ತುಂಬಾ ಜಾಸ್ತಿ. ಪುಟ್ಟಿಗೆ ಆಡಲು ಬರುತ್ತಿದ್ದದ್ದು ಹತ್ತು ಹನ್ನೆರಡು ಪದ. ಅದರಲ್ಲಿ ಒಂದು "ಎತ್ತಿ". ಎತ್ತಿಕೋ ಅನ್ನಲು ಅವಳು ದಿನಾ ಬಳಸುವ ಪದ. ಅದನ್ನೇ ಒಬ್ಬ ಅಪರಿಚಿತ ಜೋರಾಗಿ ಹೇಳಿದ, ಹೇಳಿದ ಹಾಗೆಯೇ ಮಾಡಿದ. ತಮಾಷೆ ಅನ್ನುವುದು ಆ ವಯಸ್ಸಿನಲ್ಲಿ ಮುಖ ಗುರುತಿರುವವರ ಜೊತೆ ಮಾತ್ರ ನಡೆಯುತ್ತದೆ. ಅಪ್ಪ ಇದೇ ಮಾತು ಹೇಳಿದ್ದರೆ ಕಿಲಕಿಲ ನಗುತ್ತಿದ್ದಳು.

ಇನ್ನೊಂದು, ಅಮ್ಮನ ಮುಖ. ಮಗು ಆ ಹತ್ತು ಸೆಕೆಂಡಿನಲ್ಲಿ ಅಮ್ಮನ ಕಡೆ ನೋಡಿತು ಅಂದೆನಲ್ಲ, ಅದು ಸುಮ್ನೆ ನೋಡಿದ್ದಲ್ಲ. ಕೇಳಿದ್ದು. "ಇವರು ಸರಿಯಾದವರಾ?" ಅಂತ. ಇದರ ಬಗ್ಗೆ 1985ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಮರೆಯುವುದೇ ಇಲ್ಲ. ಒಂದು ವರ್ಷದ ಮಕ್ಕಳನ್ನು ದಪ್ಪ ಗಾಜಿನ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ಒಂದು ಕಡೆ ನೆಲ ಸುಮಾರು ಒಂದು ಅಡಿ ತಗ್ಗಿದಂತೆ ಕಾಣುತ್ತದೆ. ಬೀಳುವ ಅಪಾಯವೇನೂ ಇಲ್ಲ, ಆದರೆ ಮಗುವಿಗೆ ಅನುಮಾನ ಬರುವಷ್ಟು ತಗ್ಗು. ಆ ಕಡೆಯ ತುದಿಯಲ್ಲಿ ಅಮ್ಮ ನಿಂತಿರುತ್ತಾಳೆ. ಅಮ್ಮ ನಗುಮುಖ ಮಾಡಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದವು. ಅಮ್ಮ ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಅಮ್ಮ ಬಾಯಿ ಬಿಡಲೇ ಇಲ್ಲ. ಬರೀ ಮುಖ.

ಆ ಹೊತ್ತಿಗೆ ಪುಟ್ಟಿಯ ಅಮ್ಮನ ಮುಖ ಹೇಗಿತ್ತು? ಮುಜುಗರ. ಭಾವ ಬಂದಿದ್ದಾರೆ, ಮಗು ಎಲ್ಲಿ ಅತ್ತು ಮಾನ ಕಳೆಯುತ್ತೋ ಅನ್ನುವ ಗಾಬರಿ. ಬಾಯಲ್ಲಿ "ಹೋಗು ಹೋಗು, ದೊಡ್ಡಪ್ಪ ಕಣೇ" ಅನ್ನುತ್ತಿದ್ದಳು, ಮುಖ ಮಾತ್ರ ಬಿಗಿದುಕೊಂಡಿತ್ತು. ಮಗು ಮಾತು ಕೇಳಲಿಲ್ಲ, ಮುಖ ನೋಡಿತು. ಇದರಲ್ಲಿ ಅವಳದ್ದೂ ತಪ್ಪಿಲ್ಲ. ಆ ಮುಜುಗರ ಹುಟ್ಟಿಸಿದ್ದು ನಾವು.

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಚಿಕ್ಕಮ್ಮನ ನಾದಿನಿ ಬಂದರು. "ನಾಮಕರಣದಲ್ಲಿ ನನ್ನ ತೊಡೆ ಮೇಲೇ ಮಲಗಿದ್ಲು, ಈಗ ಯಾರನ್ನೂ ಹತ್ರ ಸೇರಿಸಲ್ಲ. ಏನು ಜಂಭ ನೋಡು," ಅಂದರು. ಆಮೇಲೆ ಚಿಕ್ಕಮ್ಮ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತೆಗೆದರು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಿದೆವು.

ಆ ನಾದಿನಿ ಹೇಳಿದ್ದು ಸುಳ್ಳಲ್ಲ. ಮೂರು ತಿಂಗಳ ಮಗು ಯಾರ ತೊಡೆಯಲ್ಲಾದರೂ ಮಲಗುತ್ತದೆ. ಏಳೆಂಟು ತಿಂಗಳ ಹೊತ್ತಿಗೆ ನಮ್ಮವರು ಯಾರು, ಹೊರಗಿನವರು ಯಾರು ಅನ್ನುವ ಲೆಕ್ಕ ಶುರುವಾಗುತ್ತದೆ. ಮುಖ ನೆನಪಿಟ್ಟುಕೊಳ್ಳಲು ಬಂದ ಮೇಲೆ ತಾನೇ ಗುರುತಿಲ್ಲದ ಮುಖ ಅನ್ನೋದು ಹುಟ್ಟೋದು! ಮಗು ಬೆಳೆದದ್ದರ ಗುರುತು ಅದು. ಒಂದು ವರ್ಷದ ಆಸುಪಾಸಿನಲ್ಲಿ ಈ ಹೆದರಿಕೆ ಜೋರಾಗಿರುತ್ತದೆ, ಎರಡು ದಾಟುವ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಇಳಿಯುತ್ತದೆ. ನಾನು ಪುಟ್ಟಿಯನ್ನು ಹಿಂದೆ ನೋಡಿದ್ದು ಅವಳಿಗೆ ಐದು ತಿಂಗಳಿದ್ದಾಗ. ಅವಳ ಲೆಕ್ಕದಲ್ಲಿ ನಾನು ದೊಡ್ಡಮ್ಮ ಅಲ್ಲ, ರಸ್ತೆಯಲ್ಲಿ ಹೋಗುವ ಯಾರೋ ಒಬ್ಬಳು.

ಅಮ್ಮನ ಹೆಗಲಿಗೆ ಹೋದ ಮೇಲೆ ನಾಲ್ಕು ನಿಮಿಷದಲ್ಲಿ ಅಳು ನಿಂತಿತು. ನಮ್ಮನೆಯವರು ಪಾಪ, ಮುಖ ಸಣ್ಣ ಮಾಡಿಕೊಂಡು ಅದೇ ಮುಚ್ಚಳ ಹಿಡಿದು "ಸಾರಿ ಪುಟ್ಟಿ, ತಗೋ" ಅಂತ ಮತ್ತೆ ಹೊರಟಿದ್ದರು. ತಡೆದೆ. ಅತ್ತ ತಕ್ಷಣ ಸಮಾಧಾನ ಮಾಡಲು ಅಳಿಸಿದವರೇ ಹೋಗುವುದು ಗಾಯದ ಮೇಲೆ ಬರೆ ಎಳೆದ ಹಾಗೆ. ಆಗ ಅವರು ಮಾಡಬಹುದಾದ ಒಳ್ಳೆಯ ಕೆಲಸ ಒಂದೇ: ಕಣ್ಣಿಗೆ ಬೀಳುವಷ್ಟು ದೂರದಲ್ಲಿ, ಸುಮ್ನೆ ಕೂರುವುದು. ಪೂರ್ತಿ ಮರೆಯಾಗುವುದೂ ಬೇಡ. ಮರೆಯಾದರೆ ಮತ್ತೆ ಬಂದಾಗ ಮೊದಲಿನಿಂದ ಶುರು. ಟೋಪಿ, ಕನ್ನಡಕ ತೆಗೆಸಿ ಮೂಲೆಯ ಮಂಚದ ಮೇಲೆ ಪೇಪರ್ ಕೊಟ್ಟು ಕೂರಿಸಿದೆ.

ಮುಂದಿನ ಕೆಲಸಕ್ಕೆ ನನಗೆ ಸಿಕ್ಕಿದ್ದು ಅವರೆಕಾಯಿ. ರಾತ್ರಿ ಸಾರಿಗೆ ಅಂತ ಚಿಕ್ಕಮ್ಮ ಒಂದು ಬುಟ್ಟಿ ಸೊಗಡು ಅವರೆ ತರಿಸಿಟ್ಟಿದ್ದರು. ಅದನ್ನು ಹಜಾರದ ಚಾಪೆ ಮೇಲೆ ತಂದು ಇಟ್ಟುಕೊಂಡೆ. ಅವರೆಕಾಯಿ ಬಿಡಿಸಲು ಕೂತ ಹೆಂಗಸಿಗೆ ತಾನಾಗೇ ಎಲ್ಲವೂ ಸರಿಯಾಗಿ ಒದಗಿಬಿಡುತ್ತದೆ, ನೋಡಿ. ನೆಲದ ಮೇಲೆ ಕೂತಿದ್ದಾಳೆ, ಅಂದರೆ ಮಗುವಿನ ಎತ್ತರಕ್ಕೆ ಇಳಿದಿದ್ದಾಳೆ. ಕಣ್ಣು ಕೆಳಗಿದೆ. ಎರಡೂ ಕೈಗೆ ಕೆಲಸವಿದೆ, ಅಂದರೆ ಹಿಡಿಯಲು ಬರುವುದಿಲ್ಲ. ಆ ಕೈಗಳು ಏನೋ ಮಾಡುತ್ತಿವೆ, ಟಪ್ ಅಂತ ಸದ್ದು ಬರುತ್ತಿದೆ, ಪಾತ್ರೆಗೆ ಕಾಳು ಬೀಳುತ್ತಿದೆ. ಮಗುವಿನ ಕಣ್ಣಿಗೆ ಮುಖಕ್ಕಿಂತ ಆ ಕೈ ಚೆಂದ.

ಪುಟ್ಟಿಯ ಅಮ್ಮನಿಗೂ ಹೇಳಿದೆ, "ಬಾರೇ, ನೀನೂ ಕೂತ್ಕೋ. ಅವಳು ತೊಡೆ ಮೇಲೇ ಇರ್ಲಿ. ನನ್ನ ಕಡೆ ಕಳಿಸ್ಬೇಡ, ತೋರಿಸ್ಲೂ ಬೇಡ. ನಾವಿಬ್ರೂ ಮಾತಾಡೋಣ." ಅವಳು ಒಂದೂವರೆ ಮಾರು ದೂರದಲ್ಲಿ ಕೂತಳು. ನಾನು ಅವರಿಗೆ ಎದುರಾಗಿ ಅಲ್ಲ, ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತೆ. ಎದುರಾಗಿ ಕೂತರೆ ಪರೀಕ್ಷೆಗೆ ಕೂರಿಸಿದ ಹಾಗಿರುತ್ತದೆ.

ಹದಿನೈದು ನಿಮಿಷ ನಾವು ಮಾತಾಡಿದ್ದು ಬರೀ ನಮ್ಮ ವಿಷಯ. ಯಾರದ್ದೋ ಮದುವೆ, ಯಾರದ್ದೋ ಹೊಸ ಮನೆ, ಎಳ್ಳಿಗೆ ಈ ಸಲ ಕೊಬ್ಬರಿ ಜಾಸ್ತಿ ಆಯಿತು ಅನ್ನೋದು. ಪುಟ್ಟಿಯ ಹೆಸರು ಎತ್ತಲಿಲ್ಲ. ಇದು ನಮ್ಮವರಿಗೆ ಕಷ್ಟದ ಕೆಲಸ, ಯಾಕಂದರೆ ಮಗುವನ್ನು ಮಾತಾಡಿಸದೆ ಕೂತರೆ ಒರಟು ಅಂದುಕೊಳ್ಳುತ್ತಾರೆ. ಆದರೆ ಮಗು ಆಗ ಒಂದು ಮುಖ್ಯ ಕೆಲಸ ಮಾಡುತ್ತಿರುತ್ತದೆ. ಅಮ್ಮ ಈ ಹೆಂಗಸಿನ ಜೊತೆ ನಗುತ್ತಿದ್ದಾಳೆ, ಭುಜ ಸಡಿಲ ಬಿಟ್ಟಿದ್ದಾಳೆ, ದನಿ ಮಾಮೂಲಾಗಿದೆ ಅನ್ನೋದನ್ನು ಕೂಡಿಸಿಕೊಳ್ಳುತ್ತಿರುತ್ತದೆ. ನಾನು ಮಗುವನ್ನು ಒಲಿಸಿಕೊಳ್ಳಬೇಕಾದ ದಾರಿ ಅಮ್ಮನ ಮುಖದ ಮೇಲೇ ಹಾದು ಹೋಗುವುದು.

ಪುಟ್ಟಿ ಕದ್ದು ನೋಡಲು ಶುರು ಮಾಡಿದಳು. ಅಮ್ಮನ ಸೆರಗಿನ ಅಂಚಿನಿಂದ ಒಂದು ಕಣ್ಣು. ಒಂದು ಸೆಕೆಂಡ್ ನೋಡುವುದು, ಮುಖ ಮುಚ್ಚಿಕೊಳ್ಳುವುದು. ಕಣ್ಣಿಗೆ ಕಣ್ಣು ಸಿಕ್ಕಾಗ ನಾನೇ ಮೊದಲು ಕಣ್ಣು ತೆಗೆದು ಅವರೆಕಾಯಿ ಕಡೆ ನೋಡುತ್ತಿದ್ದೆ. ಮಗುವಿಗಿಂತ ಮೊದಲು ನಾವು ಕಣ್ಣು ತೆಗೆಯಬೇಕು. ಆಗ ನೋಡುವ ಧೈರ್ಯ ಅವರಿಗೆ ಬರುತ್ತದೆ. ಐದಾರು ಸಲ ಆದ ಮೇಲೆ ಅವಳ ನೋಟ ಉದ್ದವಾಯಿತು. ಬಾಯಲ್ಲಿದ್ದ ಬೆರಳು ಹೊರಗೆ ಬಂತು. ಬೆರಳು ಹೊರಗೆ ಬಂದದ್ದು ನನಗೆ ನಗುವಿಗಿಂತ ದೊಡ್ಡ ಸುದ್ದಿ.

ನನ್ನ ಮಗನಿಗೆ ಒಂಬತ್ತು ವರ್ಷ. ಅವನು ಈ ನಡುವೆ ನಮ್ಮೆಲ್ಲರನ್ನೂ ದಾಟಿ ಗೆದ್ದುಬಿಟ್ಟ. ಅವನು ಏನೂ ಮಾಡಲಿಲ್ಲ. ಖಾಲಿ ಸಿಪ್ಪೆಗಳನ್ನು ಸಾಲಾಗಿ ಇಟ್ಟು ರೈಲು ಮಾಡಿ "ಕೂ..." ಅಂತ ತಳ್ಳುತ್ತಿದ್ದ, ತನ್ನ ಪಾಡಿಗೆ ತಾನು. ದೊಡ್ಡವರಿಗೆ ಹೆದರುವ ಮಗು ಮಕ್ಕಳಿಗೆ ಅಷ್ಟು ಹೆದರುವುದಿಲ್ಲ, ಗುರುತಿಲ್ಲದ ಮಕ್ಕಳಾದರೂ ಸರಿ. ಪುಟ್ಟಿ ತೊಡೆಯಿಂದ ಇಳಿದಳು. ಒಂದು ಕೈ ಅಮ್ಮನ ಮಂಡಿ ಮೇಲೆ, ಇನ್ನೊಂದು ಕೈ ರೈಲಿನ ಕಡೆ.

11 ಗಂಟೆ 45ರ ಹೊತ್ತಿಗೆ ಅಮ್ಮನ ಮಂಡಿ ಬಿಟ್ಟು ಬುಟ್ಟಿ ಹತ್ತಿರ ಬಂದಳು. ನನಗೂ ಅವಳಿಗೂ ಒಂದು ಮೊಳ ದೂರ. ಆಗ ನಾನು 12 ವರ್ಷದ ಅನುಭವ ಎಲ್ಲ ಮರೆತು ತಲೆ ಎತ್ತಿ, "ಅಯ್ಯೋ ಬಂದ್ಯಾ ನನ್ನ ಬಂಗಾರಿ!" ಅಂದುಬಿಟ್ಟೆ. ಅದೇ ಹೊತ್ತಿಗೆ ಚಿಕ್ಕಮ್ಮ "ಬಂದ್ಲು ಬಂದ್ಲು, ಫೋಟೋ ತೆಗಿ" ಅಂತ ಮೊಬೈಲ್ ಹಿಡಿದು ಬಂದರು. ಪುಟ್ಟಿ ಎರಡೇ ಹೆಜ್ಜೆಯಲ್ಲಿ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಮತ್ತೆ ಬೆರಳು ಬಾಯಲ್ಲಿ.

ಈ ಎಡವಟ್ಟು ನಾನು ತುಂಬಾ ಮನೆಗಳಲ್ಲಿ ನೋಡಿದ್ದೇನೆ, ಅದಕ್ಕೇ ನನ್ನದನ್ನೂ ಬರೆಯುತ್ತಿದ್ದೇನೆ. ಮಗು ಹತ್ತಿರ ಬಂದದ್ದು ಬುಟ್ಟಿಗಾಗಿ. ನಾವು ಅದನ್ನು ನಮಗಾಗಿ ಬಂತು ಅಂದುಕೊಳ್ಳುತ್ತೇವೆ. ಹತ್ತಿರ ಬಂದದ್ದಕ್ಕೆ ಇಡೀ ಮನೆ ಕೂಗಿಕೊಂಡರೆ, ಹತ್ತಿರ ಬರುವುದು ಅಂದರೆ ಏನೋ ದೊಡ್ಡ ಗಲಾಟೆ ಅಂತ ಮಗುವಿಗೆ ಅನ್ನಿಸುತ್ತದೆ. ಆ ಒಂದು ವಾಕ್ಯಕ್ಕೆ ನಾನು ತೆತ್ತ ದಂಡ ಇಪ್ಪತ್ತು ನಿಮಿಷ. ಚಿಕ್ಕಮ್ಮನಿಗೆ ಮೊಬೈಲ್ ಒಳಗಿಡಿ ಅಂತ ಹೇಳಲು ಬೇರೆ ಸ್ವಲ್ಪ ನಿಷ್ಠುರ ಆಗಬೇಕಾಯಿತು.

ಎರಡನೇ ಸಲ ಸರಿಯಾಗಿ ಮಾಡಿದೆ. ಒಂದು ದಪ್ಪ ಅವರೆಕಾಯಿಯ ಖಾಲಿ ಸಿಪ್ಪೆಯನ್ನು ಇಬ್ಬರ ನಡುವೆ ಚಾಪೆ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಂಡೆ. ಕೈಗೆ ಕೊಡಲು ಹೋಗಲಿಲ್ಲ. ಕೈಯಿಂದ ಕೈಗೆ ಕೊಡುವಾಗ ಮಗು ನಮ್ಮ ಹಿಡಿತದ ಅಳತೆಗೆ ಬರಬೇಕಾಗುತ್ತದೆ, ನೆಲದ ಮೇಲಿಟ್ಟರೆ ಅದು ಬೇಡ. ಖಾಲಿ ಸಿಪ್ಪೆಯನ್ನೇ ಕೊಟ್ಟದ್ದಕ್ಕೂ ಕಾರಣವಿದೆ. ಹಸಿ ಅವರೆಕಾಳು ಈ ವಯಸ್ಸಿನ ಮಗುವಿನ ಗಂಟಲಿಗೆ ಸಿಕ್ಕಿಹಾಕಿಕೊಳ್ಳುವಂಥ ಗಾತ್ರದ್ದು. ಕಾಳಿನ ಪಾತ್ರೆಯನ್ನು ನನ್ನ ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.

ಸಿಪ್ಪೆ ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಮೂಸಿದಳು. ಅವರೆಯ ಸೊಗಡು ಅವಳಿಗೆ ಹಿಡಿಸಿತೋ ಇಲ್ಲವೋ, ಮೂಗು ಸೊಟ್ಟ ಮಾಡಿದಳು. ನಾನು ಸುಮ್ಮನಿದ್ದೆ. ಎಡಗೈಯನ್ನು ಅಂಗೈ ಮೇಲಾಗಿ ಚಾಪೆ ಮೇಲೆ ಹಾಗೇ ಬಿಟ್ಟಿದ್ದೆ, ಚಾಚಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂಗೈ ಮೇಲೆ ಏನೋ ತಣ್ಣಗೆ ಬಿತ್ತು. ಅದೇ ಸಿಪ್ಪೆ, ಒಂದು ತುದಿ ಜೊಲ್ಲಿನಿಂದ ಒದ್ದೆಯಾಗಿತ್ತು.

ಗಡಿಯಾರ ನೋಡಿದೆ, 12 ಗಂಟೆ 10 ನಿಮಿಷ. ಬಾಗಿಲಲ್ಲಿ ಕಿರುಚಿಕೊಂಡದ್ದಕ್ಕೂ ಇದಕ್ಕೂ ನಡುವೆ ಹತ್ತಿರ ಹತ್ತಿರ 70 ನಿಮಿಷ. ದೊಡ್ಡವರು ನಮಸ್ಕಾರ ಅನ್ನುವ ಹಾಗೆ ಒಂದೂವರೆ ವರ್ಷದ ಮಗು ವಸ್ತು ಕೊಡುತ್ತದೆ. ಅವತ್ತು ಪುಟ್ಟಿ ನನ್ನನ್ನು ಮಾತಾಡಿಸಿದ್ದು ಹಾಗೆ. ನಾನು ಮೆಲ್ಲಗೆ "ತಗೊಂಡೆ" ಅಂದು ಸಿಪ್ಪೆ ಬುಟ್ಟಿಗೆ ಹಾಕಿದೆ. ಅಷ್ಟೇ ಮಾತು. ಅವಳು ಇನ್ನೊಂದು ತಂದಳು. "ತಗೊಂಡೆ." ಮೂರನೇ ಸಲ ಸಿಪ್ಪೆ ಇಟ್ಟು ನನ್ನ ಬಾಯಿಯನ್ನೇ ನೋಡುತ್ತಾ ನಿಂತಳು, ಆ ಪದ ಬರಲಿ ಅಂತ. ಏಳನೆಯದಕ್ಕೆ ನಾನು ಒಂಚೂರು ತಡ ಮಾಡಿದೆ. ಅವಳೇ "ತಕ್" ಅಂದಳು. ಅಮ್ಮ ಬೇರೆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಎರಡು ದಿನದಿಂದ "ನಿನ್ ಮಗಳು ಯಾಕೆ ಹಿಂಗೆ" ಅಂತ ಎಷ್ಟು ಜನ ಕೇಳಿದ್ದರೋ.

ಆಮೇಲೂ ನಾನು ಎತ್ತಿಕೊಳ್ಳಲಿಲ್ಲ. ಮುಟ್ಟಲೂ ಇಲ್ಲ. ಊಟಕ್ಕೆ ಮುಂಚೆ ಅವಳೇ ನನ್ನ ಮಂಡಿಗೆ ಒರಗಿ ನಿಂತು ಬುಟ್ಟಿಯೊಳಗೆ ಬಗ್ಗಿದಳು, ಗೋಡೆಗೆ ಒರಗುವ ಹಾಗೆ. ನಾನು ಗೋಡೆಯ ಹಾಗೇ ಇದ್ದೆ.

ನಮ್ಮನೆಯವರ ಕಥೆ ಇಷ್ಟು ಸಲೀಸಾಗಿ ಮುಗಿಯಲಿಲ್ಲ. ಒಮ್ಮೆ ಹೆದರಿಸಿದವರಿಗೆ ಹೆಚ್ಚು ಹೊತ್ತು ಬೇಕು. ಊಟ ಆಗಿ ಮಗು ಎರಡು ಗಂಟೆ ಮಲಗಿ ಎದ್ದ ಮೇಲೆ, ಹಾಲು ಕುಡಿದು ಮೈ ಚುರುಕಾದ ಮೇಲೆ ಪ್ರಯತ್ನಿಸಿ ಅಂತ ಹೇಳಿದ್ದೆ. ನಿದ್ದೆ, ಹಸಿವು ಎರಡೂ ತೀರಿದ ಹೊತ್ತು ಇದಕ್ಕೆ ಒಳ್ಳೆಯದು. ಎದ್ದ ಕೂಡಲೇ ಮಾತ್ರ ಬೇಡ, ಅರ್ಧ ಗಂಟೆಯಾದರೂ ಅಮ್ಮನ ಹೆಗಲ ಮೇಲೆ ಇರಲಿ. ಇವರು ನೆಲದ ಮೇಲೆ ಗೋಡೆಗೆ ಒರಗಿ ಕೂತರು. ಟೋಪಿಯನ್ನು ತಮ್ಮ ಮುಂದೆ ಇಟ್ಟುಕೊಂಡರು. ಪುಟ್ಟಿ ಅವರನ್ನು ಕಂಡು ಒಮ್ಮೆ ನಿಂತಳು. ಇವರು ನನ್ನ ಮಗನ ಜೊತೆ ಚೌಕಾಬಾರ ಆಡುತ್ತಾ ತಲೆ ಎತ್ತಲಿಲ್ಲ. ದೊಡ್ಡ ಗಂಟಲಿನವರಿಗೆ ಮೆತ್ತಗೆ ಮಾತಾಡಿ ಅಂದರೆ ಪಿಸುಗುಟ್ಟಲು ಶುರು ಮಾಡುತ್ತಾರೆ, ಅದು ಇನ್ನೂ ವಿಚಿತ್ರವಾಗಿ ಕೇಳುತ್ತದೆ. ಅದಕ್ಕೇ ಆಟದ ಮಾತು ಮಾತ್ರ ಆಡಿ ಅಂದಿದ್ದೆ. ನಾಲ್ಕೂವರೆ ಹೊತ್ತಿಗೆ ಪುಟ್ಟಿ ದೂರದಿಂದಲೇ ಕೈ ಚಾಚಿ ಟೋಪಿ ಎಳೆದುಕೊಂಡಳು. ಒಂದು ಸುತ್ತು ಹಾಕಿ ಬಂದು ಅದನ್ನು ಅವರ ಕಾಲ ಮೇಲೆ ಎಸೆದು ಓಡಿದಳು. ಅಷ್ಟೇ. ಅವತ್ತು ಅವರಿಗೆ ಸಿಕ್ಕಿದ್ದು ಅಷ್ಟೇ. "ಇಷ್ಟೇನಾ?" ಅಂದರು. ಬೆಳಿಗ್ಗೆ ಕಿರುಚಿದ ಮಗು ಸಂಜೆಗೆ ಟೋಪಿ ಎಸೆದಿದೆ, ಇದು ಜಾಸ್ತಿಯೇ ಅಂದೆ.

ಇನ್ನು ಸಂಜೆಯ ಎಲಚಿ ಹಣ್ಣು. ನಮ್ಮ ಕಡೆ ಸಂಕ್ರಾಂತಿ ಸಂಜೆ ಚಿಕ್ಕ ಮಕ್ಕಳನ್ನು ಮಣೆ ಮೇಲೆ ಕೂರಿಸಿ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಕಲಸಿ ತಲೆ ಮೇಲೆ ಎರೆಯುತ್ತಾರೆ. ಚಿಕ್ಕಮ್ಮ ಬೀದಿಯ ಹೆಂಗಸರನ್ನೆಲ್ಲ 6 ಗಂಟೆಗೆ ಕರೆದಿದ್ದರು. ಹೊಸ ಮುಖ ಹದಿನೈದು, ತಲೆ ಮೇಲೆ ಏನೋ ಸುರಿಯುವುದು, ಆಮೇಲೆ ಎಲ್ಲರೂ ನೆಲಕ್ಕೆ ಬಿದ್ದು ಕಾಸು ಆರಿಸುವುದು. ನಾಚಿಕೆಯ ಮಗುವಿಗೆ ಇದಕ್ಕಿಂತ ಕಷ್ಟದ ಕಾರ್ಯಕ್ರಮ ಹುಡುಕಿದರೂ ಸಿಗಲ್ಲ.

ಚಿಕ್ಕಮ್ಮನನ್ನು ಒಪ್ಪಿಸಿ ಐದೂವರೆಗೇ ಮನೆಯವರಷ್ಟೇ ಇದ್ದಾಗ ಶಾಸ್ತ್ರ ಮುಗಿಸಿದೆವು. ಮಣೆ ಮೇಲೆ ಅಮ್ಮ, ಅಮ್ಮನ ತೊಡೆ ಮೇಲೆ ಪುಟ್ಟಿ. ಮೊದಲು ಅಮ್ಮ ತನ್ನ ತಲೆ ಮೇಲೇ ನಾಲ್ಕು ಹಣ್ಣು ಹಾಕಿಕೊಂಡು ನಕ್ಕಳು. ಆಮೇಲೆ ನನ್ನ ಮಗ ಬಗ್ಗಿದ, ಅವನ ತಲೆ ಮೇಲೆ ಪುಟ್ಟಿಯ ಕೈಯಿಂದಲೇ ಹಾಕಿಸಿದೆವು. ಕೊನೆಗೆ ಅಜ್ಜಿ ಪಾವಿನಲ್ಲಿ ಅಲ್ಲ, ಬೊಗಸೆಯಲ್ಲೂ ಅಲ್ಲ, ಎರಡು ಬೆರಳಲ್ಲಿ ಹಿಡಿದಷ್ಟು ಅವಳ ತಲೆ ಮೇಲೆ ಬಿಟ್ಟರು. ಕಣ್ಣು ಪಿಳಿಪಿಳಿ ಮಾಡಿದಳು, ಅಳಲಿಲ್ಲ. ಎಲಚಿ ಬೀಜ, ಕಾಸು ಎರಡೂ ಬಾಯಿಗೆ ಹೋಗುವ ವಸ್ತು ಅಂತ ತಕ್ಷಣ ಗುಡಿಸಿದೆವು. "ಇದೆಂಥ ಎರೆಯೋದು, ಶಾಸ್ತ್ರಕ್ಕೆ ಹಾಕಿದ ಹಾಗೆ," ಅಂತ ಚಿಕ್ಕಮ್ಮ ಗೊಣಗಿದರು. ಶಾಸ್ತ್ರವೇ ತಾನೆ ಅಂದೆ.

6 ಗಂಟೆಗೆ ಬೀದಿಯವರು ಬಂದರು. ಒಬ್ಬರು ನೇರವಾಗಿ ಬಂದು ಕೆನ್ನೆ ಹಿಂಡಿದರು. ಪುಟ್ಟಿ ಅತ್ತಳು. ಈ ಸಲ ಅಮ್ಮ ಮುಜುಗರಪಡದೆ "ಹೊಸಬರು ಅಂದ್ರೆ ಸ್ವಲ್ಪ ಹೊತ್ತು ಬೇಕು ಅವಳಿಗೆ, ಆಮೇಲೆ ಬರ್ತಾಳೆ" ಅಂತ ಹೇಳಿ ಒಳಗೆ ಕರೆದುಕೊಂಡು ಹೋದಳು. ನಾನು ಆ ದಿನ ಅವಳಿಗೆ ಹೇಳಿಕೊಟ್ಟದ್ದು ಈ ಒಂದು ವಾಕ್ಯ ಮಾತ್ರ. "ಅವಳು ನಾಚ್ಕೋತಾಳೆ, ಯಾರ ಹತ್ರಾನೂ ಹೋಗಲ್ಲ" ಅಂತ ಮಗುವಿನ ಮುಂದೆಯೇ ಹೇಳುವುದಕ್ಕಿಂತ ಇದು ವಾಸಿ. ಬಂದವರಿಗೂ ಬೇಜಾರಾಗುವುದಿಲ್ಲ, ಕಾಯಬೇಕು ಅನ್ನೋದೂ ಗೊತ್ತಾಗುತ್ತದೆ.

ಈ ಪ್ರಕರಣದಲ್ಲಿ 70 ನಿಮಿಷ ಹಿಡಿಯಿತು ಅಂದರೆ ಎಲ್ಲ ಮಕ್ಕಳಿಗೂ ಅಷ್ಟೇ ಅಲ್ಲ. ನ್ಯೂಯಾರ್ಕಿನಲ್ಲಿ 1956ರಲ್ಲಿ ಶುರುವಾದ ಒಂದು ದೀರ್ಘ ಅಧ್ಯಯನದಲ್ಲಿ ಥಾಮಸ್ ಮತ್ತು ಚೆಸ್ ಅನ್ನುವ ವೈದ್ಯ ದಂಪತಿ ಮಕ್ಕಳನ್ನು ಹುಟ್ಟಿದ ಕೆಲವೇ ತಿಂಗಳಿಂದ ಗಮನಿಸುತ್ತಾ ಹೋದರು. ಅವರ ಲೆಕ್ಕದಲ್ಲಿ ಸುಮಾರು 15% ಮಕ್ಕಳು ನಿಧಾನಕ್ಕೆ ಹೊಂದಿಕೊಳ್ಳುವ ಸ್ವಭಾವದವರು. ಹೊಸದು ಕಂಡರೆ ಮೊದಲು ಹಿಂದೆ ಸರಿಯುತ್ತಾರೆ, ಒತ್ತಾಯ ಮಾಡದಿದ್ದರೆ ತಾವೇ ಬರುತ್ತಾರೆ. ನನ್ನ ಬೇಬಿ ಸಿಟ್ಟಿಂಗಿಗೆ ಬರುತ್ತಿದ್ದ ಒಬ್ಬ ಹುಡುಗ ನನ್ನ ಕೈಯಿಂದ ಬಿಸ್ಕತ್ತು ತೆಗೆದುಕೊಂಡದ್ದು ಒಂಬತ್ತನೇ ದಿನ. ಅಂಥ ಮಗುವಿನ ಮನೆಗೆ ನೀವು ಎರಡು ಗಂಟೆ ಇದ್ದು ಬರೋಣ ಅಂತ ಹೋದರೆ, ಮಗು ಅಮ್ಮನ ಹೆಗಲಿನಿಂದ ನಿಮ್ಮನ್ನು ನೋಡಿದ್ದೇ ಆ ದಿನದ ಭೇಟಿ. ಮುಂದಿನ ಸಲ ಅದೇ ಸೀರೆ, ಅದೇ ಸೆಂಟು, ಅದೇ ಆಟ ಹಿಡಿದು ಹೋದರೆ ಸ್ವಲ್ಪ ಸುಲಭ.

ಬರೀ ನಾಚಿಕೆ ಅಂತ ಬಿಡಬಾರದ ಮಕ್ಕಳೂ ಇರುತ್ತವೆ. ಪುಟ್ಟಿ ಹೆದರಿದಾಗ ಅಮ್ಮನ ಮುಖ ನೋಡಿದಳು, ಮನೆಯವರಷ್ಟೇ ಇದ್ದಾಗ ಹೆಸರು ಕರೆದರೆ ತಿರುಗುತ್ತಿದ್ದಳು, ಕಾಗೆ ಕಂಡರೆ ಬೆರಳು ತೋರಿಸಿ "ಕಾಕಾ" ಅನ್ನುತ್ತಿದ್ದಳು. ಹೊಸಬರ ಎದುರು ಮಾತ್ರ ಮುದುಡುತ್ತಿದ್ದಳು. ಒಂದೂವರೆ ವರ್ಷವಾದರೂ ಮನೆಯವರ ಜೊತೆಯೂ ಇವು ಯಾವುದೂ ಕಾಣದಿದ್ದರೆ ಅದು ನಾಚಿಕೆಯ ಲೆಕ್ಕಕ್ಕೆ ಬರುವುದಿಲ್ಲ, ಮಕ್ಕಳ ಡಾಕ್ಟರಿಗೆ ತೋರಿಸಬೇಕು.

ರಾತ್ರಿ ಅವರೆಕಾಳಿನ ಸಾರು ಉಂಡು 8 ಗಂಟೆಗೆ ಹೊರಟೆವು. ಬಾಗಿಲಲ್ಲಿ ಮತ್ತೆ ಎಲ್ಲರೂ ಶುರು ಮಾಡಿದರು. "ಟಾಟಾ ಮಾಡು ಪುಟ್ಟಿ, ದೊಡ್ಡಮ್ಮಂಗೆ ಮುತ್ತು ಕೊಡು." ಪುಟ್ಟಿ ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ನಾನು ಅವಳ ಅಮ್ಮನಿಗೆ ಟಾಟಾ ಮಾಡಿ ಕಾರು ಹತ್ತಿದೆ. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಫೋನ್ ಬಂತು. "ಅಕ್ಕಾ, ನೀವು ತಿರುವಿನಲ್ಲಿ ಮರೆಯಾದ ಮೇಲೆ ಕೈ ಎತ್ತಿದ್ಲು. ಬೀದೀಲಿ ಯಾರೂ ಇಲ್ಲ, ಇವಳು ಟಾಟಾ ಮಾಡ್ತಾನೇ ಇದ್ಲು. ಒಳಗೆ ಬರೋಕೇ ಒಪ್ಲಿಲ್ಲ." ಹಿಂದುಗಡೆ ಚಿಕ್ಕಮ್ಮನ ದನಿ ಕೇಳಿಸಿತು, ಚಾಪೆ ಮಡಚೋಕೂ ಬಿಡ್ತಿಲ್ಲ ಈ ಹುಡುಗಿ ಅಂತ.